ಡಕ್ಟ್‌ಗೆ ಡಿಕ್ಕಿಯಾಗದಂತೆ ಕೇಬಲ್ ಟ್ರೇ ಎಳೆಯುವುದು

ಕಟ್ಟಡದ ಕಂಪ್ಯೂಟರ್ ಮಾದರಿಯಲ್ಲಿ ಗಾಳಿ ಸಾಗಿಸುವ ಡಕ್ಟ್ ಎದುರಾದ ಕಡೆಯೆಲ್ಲ ಕೇಬಲ್ ಟ್ರೇಯನ್ನು ಮೇಲೆ ಎತ್ತಿ, ಆಚೆ ಇಳಿಸುವವರನ್ನು ತುಂಬ ನೋಡಿದ್ದೇನೆ. ಪರದೆಯ ಮೇಲೆ ಡಿಕ್ಕಿ ಮಾಯವಾಗುತ್ತದೆ. ದಪ್ಪ ಕೇಬಲ್ ಮಾತ್ರ ಆ ಡೊಂಕಿಗೆ ಬಗ್ಗುವುದಿಲ್ಲ.

ಮೊದಲು ವಾಸ್ತುಶಿಲ್ಪ, ಕಟ್ಟಡ ರಚನೆ ಮತ್ತು ಡಕ್ಟ್‌ಗಳ ಮಾದರಿಗಳನ್ನು ಜೋಡಿಸಿಕೊಳ್ಳಿ. ಡಕ್ಟ್‌ನ ಮೇಲಿನ ಉಷ್ಣನಿರೋಧಕ ಹೊದಿಕೆಯೂ ಬಂದಿದೆಯೇ ನೋಡಿ; ಅದನ್ನು ಮರೆತ ಮಾದರಿ ಸುಳ್ಳು ಹೇಳುತ್ತದೆ.

ಇನ್ನು ಒಂದೂ ಗೆರೆ ಎಳೆಯುವ ಮುನ್ನ ಅಡ್ಡಛೇದದಲ್ಲಿ ಲೆಕ್ಕ ಹಾಕಿ. ಒಂದು ಕಾರಿಡಾರ್‌ನಲ್ಲಿ ನೆಲದಿಂದ ತೊಲೆಯ ತಳ 3100 ಮಿ.ಮೀ., ಫಾಲ್ಸ್ ಸೀಲಿಂಗ್ 2500 ಎಂದುಕೊಳ್ಳಿ. ದೀಪ ಮತ್ತು ಸೀಲಿಂಗ್ ಚೌಕಟ್ಟಿಗೆ 100 ಬಿಟ್ಟರೆ 2600ರಿಂದ ಮೇಲೆ ನಮ್ಮ ಜಾಗ. ಮುಖ್ಯ ಡಕ್ಟ್ ಹೊದಿಕೆ ಸೇರಿ 400 ಎತ್ತರ. ತೊಲೆಯಿಂದ 50 ಬಿಟ್ಟು ಅದು 2650ರಿಂದ 3050ರವರೆಗೆ ಕೂರುತ್ತದೆ. ಅದರ ಕೆಳಗೆ ಉಳಿದ 50ರಲ್ಲಿ ಟ್ರೇಯನ್ನು ತುರುಕಬೇಡಿ. ಪಕ್ಕದಲ್ಲಿ ಒಯ್ಯಿರಿ.

ತೊಡಕು ಬರುವುದು ಟ್ರೇಯನ್ನು ಅಡ್ಡ ಹಾಯುವ ಕವಲು ಡಕ್ಟ್‌ನಲ್ಲಿ. ಹೊದಿಕೆ ಸೇರಿ 250 ಎತ್ತರದ ಕವಲು ಮುಖ್ಯ ಡಕ್ಟ್‌ನ ನಡುಮಧ್ಯದಿಂದ ಹೊರಟರೆ 2725ರಿಂದ 2975ರವರೆಗೆ ಅಡ್ಡ ನಿಲ್ಲುತ್ತದೆ. ಮೇಲೆ ಉಳಿಯುವುದು 125: 50 ಎತ್ತರದ ಟ್ರೇ ಹಿಡಿಯುತ್ತದೆ, ಆದರೆ ಕೇಬಲ್ ಹಾಕುವ ಕೈ ಹಿಡಿಯುವುದಿಲ್ಲ. ಇಲ್ಲಿ ಟ್ರೇಯನ್ನು ಮುಟ್ಟಬೇಡಿ, ಡಕ್ಟ್ ವಿನ್ಯಾಸಕರ ಬಳಿಗೆ ಹೋಗಿ. ಕವಲಿನ ಮೇಲ್ತುದಿಯನ್ನು ಮುಖ್ಯ ಡಕ್ಟ್‌ನ ಮೇಲ್ತುದಿಗೆ ಸಮ ಮಾಡಿಸಿದರೆ ಅದರ ತಳ 2800ಕ್ಕೆ ಏರುತ್ತದೆ. ಆಗ 2650ರಿಂದ 2700ರವರೆಗಿನ ಟ್ರೇ ಒಂದೇ ಮಟ್ಟದಲ್ಲಿ ಅಡಿಯಿಂದ ನುಸುಳುತ್ತದೆ. ನಡುವೆ 100 ಉಳಿಯುತ್ತದೆ. ಕವಲಿನಷ್ಟು ಅಗಲಕ್ಕೆ ಅಷ್ಟು ಸಾಕು, ಅದರ ಎರಡೂ ಬದಿಯಲ್ಲಿ ಟ್ರೇಯ ಮೇಲೆ ಕೈಯಾಡಲು ಜಾಗವಿದೆ.

ಟ್ರೇಯಡಿಯ 41 ಮಿ.ಮೀ. ಚಾನೆಲ್‌ನ ತಳ 2609ಕ್ಕೆ ಬರುತ್ತದೆ, ಅಂದರೆ ದೀಪಕ್ಕೆ ಬಿಟ್ಟ ಜಾಗಕ್ಕಿಂತ 9 ಮಿ.ಮೀ. ಮಾತ್ರ ಮೇಲೆ. ಚಾನೆಲ್ ಮತ್ತು ಅದನ್ನು ತೂಗುವ ಸರಳುಗಳನ್ನೂ ಮಾದರಿಯಲ್ಲಿ ಹಾಕಿ. ಸರಳು ಕವಲಿನ ಮೂಲಕ ಹಾದರೆ ಆಸರೆಯನ್ನು ಅತ್ತಿತ್ತ ಸರಿಸಿ.

ಟ್ರೇ ಎಳೆಯುವಾಗ ತಿರುವಿನ ಜೋಡಣೆಗಳಿರುವ ಬಗೆಯನ್ನೇ ಆರಿಸಿ, ತಿರುವಿನ ತ್ರಿಜ್ಯವನ್ನು ಅತಿ ದಪ್ಪ ಕೇಬಲ್‌ಗೆ ಹೊಂದಿಸಿ. ಅಂತರ್ಜಾಲದಿಂದ ಇಳಿಸಿಕೊಂಡ ಪುಕ್ಕಟೆ ಜೋಡಣೆಗಳು ನನಗೆ ಬೇಡ. ಅವುಗಳ ತ್ರಿಜ್ಯ ಬರಿಯ ಚಿತ್ರದ ಅಲಂಕಾರ.

ವೈರು ಹಾಯುವ ಕೊಳವೆ, ಅಂದರೆ ಕಂಡ್ಯೂಟ್, ಕೊನೆಗೆ. ವೈರು ಎಳೆಯುವ ಎರಡು ಪೆಟ್ಟಿಗೆಗಳ ನಡುವಿನ ತಿರುವುಗಳ ಮೊತ್ತ 360 ಡಿಗ್ರಿ ದಾಟದಿರಲಿ, ದಾಟಿದರೆ ನಡುವೆ ಇನ್ನೊಂದು ಪೆಟ್ಟಿಗೆ ಇಡಿ.

ನಂತರ ಮಾದರಿಗಳ ಡಿಕ್ಕಿ ಹುಡುಕುವ ತಂತ್ರಾಂಶವಾದ ನೇವಿಸ್‌ವರ್ಕ್ಸ್‌ನಲ್ಲಿ ಪರೀಕ್ಷೆ. ನೇರ ಡಿಕ್ಕಿಯನ್ನಷ್ಟೇ ಹಿಡಿಯುವ `Hard` ಒಂದನ್ನೇ ಓಡಿಸಿ ಕೈತೊಳೆದುಕೊಳ್ಳಬೇಡಿ. ಟ್ರೇ ಮತ್ತು ಡಕ್ಟ್‌ಗಳ ನಡುವೆ ಕನಿಷ್ಠ ಅಂತರ ನೋಡುವ `Clearance` ಅನ್ನು 75 ಮಿ.ಮೀ.ಗೆ ಇಟ್ಟು ಮತ್ತೆ ಓಡಿಸಿ. ನಮ್ಮ 100ರ ಅಂತರ ಅದರಲ್ಲಿ ಪಾರಾಗುತ್ತದೆ. ನೂರು ಡಿಕ್ಕಿ ತೋರಿದರೂ ಗಾಬರಿ ಬೇಡ, ಅವುಗಳಲ್ಲಿ ಹಲವು ಒಂದೇ ಕವಲಿನವಾಗಿರುತ್ತವೆ. ಅವನ್ನು ಗುಂಪು ಮಾಡಿ, ಆ ಕವಲನ್ನು ಸರಿಪಡಿಸಿದ ಮೇಲೆ ಪರೀಕ್ಷೆಯನ್ನು ಮೊದಲಿನಿಂದ ಓಡಿಸಿ.