"ದುಡ್ಡು ಎರಡು ಸಲ ಹೋಗಿದೆ" ಅಂದವರಿಗೆ ನಾನು ಬರೆದ ಎರಡು ಉತ್ತರಗಳು

ಕಸ್ಟಮರ್ ಸಪೋರ್ಟ್ ಕೆಲಸಕ್ಕೆ ಸೇರಿದ ಮೊದಲ ವರ್ಷ ನನಗೊಂದು ಹೆಮ್ಮೆ ಇತ್ತು. ನನ್ನ ಉತ್ತರದಲ್ಲಿ ತಪ್ಪು ಮಾಹಿತಿ ಇರುತ್ತಿರಲಿಲ್ಲ. ಆದರೂ ನಾನು ಉತ್ತರಿಸಿ ಮುಗಿಸಿದ ದೂರಿನ ಟಿಕೆಟ್‌ಗಳೇ ಜಾಸ್ತಿ ಸಲ ಮತ್ತೆ ತೆರೆದುಕೊಳ್ಳುತ್ತಿದ್ದವು. ಯಾಕೆ ಅಂತ ಗೊತ್ತಾಗಿದ್ದು ಒಂದು ಮೇಲ್‌ನಿಂದ.

ನಾವು ವರ್ಷದ ಚಂದಾ ತೆಗೆದುಕೊಳ್ಳುವ ಒಂದು ಸಾಫ್ಟ್‌ವೇರ್ ಮಾರುತ್ತಿದ್ದೆವು. ಒಬ್ಬರು ಬರೆದಿದ್ದರು: "ಒಂದೇ ಚಂದಾಕ್ಕೆ ಕಾರ್ಡ್‌ನಿಂದ ಎರಡು ಸಲ ದುಡ್ಡು ಹೋಗಿದೆ. ನಿನ್ನೆಯಿಂದ ಇದು ಮೂರನೇ ಮೇಲ್. ನಾಳಿದ್ದು ಬಾಡಿಗೆ ಕಟ್ಟಬೇಕು. ಏನು ಮಾಡ್ತಿದ್ದೀರಿ ನೀವು?"

ನಾನು ರೆಕಾರ್ಡ್ ತೆಗೆದು ನೋಡಿದೆ. ಮೊದಲ ಸಲ ಪಾವತಿ ಮಾಡುವಾಗ ಕೊನೇ ಹಂತದಲ್ಲಿ ಪೇಜ್ ನಿಂತುಹೋಗಿತ್ತು. ಬ್ಯಾಂಕ್ ಅಷ್ಟರಲ್ಲೇ ಆ ಮೊತ್ತವನ್ನು ನಮ್ಮ ಹೆಸರಿಗೆ ತಡೆಹಿಡಿದಿತ್ತು, ಅಂದರೆ ಹೋಲ್ಡ್. ದುಡ್ಡು ನಮಗೆ ಬಂದಿರಲಿಲ್ಲ, ಅವರ ಕೈಗೂ ಸಿಗುತ್ತಿರಲಿಲ್ಲ. ಪಾವತಿ ಆಗಿಲ್ಲ ಅಂದುಕೊಂಡು ಅವರು ಮತ್ತೊಮ್ಮೆ ಪ್ರಯತ್ನಿಸಿದರು, ಅದು ಸರಿಯಾಗಿ ಆಯಿತು. ಹೀಗಾಗಿ ಅವರ ಬ್ಯಾಂಕ್ ಆ್ಯಪ್‌ನಲ್ಲಿ ಒಂದೇ ಮೊತ್ತದ ಎರಡು ಸಾಲು ಕಾಣುತ್ತಿದ್ದವು.

ನಾನು ಬರೆದ ಉತ್ತರ ಇದು: "ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು. ನಿಮಗೆ ಎರಡು ಬಾರಿ ಶುಲ್ಕ ವಿಧಿಸಲಾಗಿಲ್ಲ. ನೀವು ನೋಡುತ್ತಿರುವುದು ತಾತ್ಕಾಲಿಕ ಹೋಲ್ಡ್. ಅದು ಕೆಲವು ದಿನಗಳಲ್ಲಿ ತಾನಾಗಿಯೇ ಹೋಗುತ್ತದೆ. ಅನಾನುಕೂಲಕ್ಕೆ ವಿಷಾದಿಸುತ್ತೇವೆ."

ಒಂದಕ್ಷರ ಸುಳ್ಳಿಲ್ಲ. ಹತ್ತೇ ನಿಮಿಷಕ್ಕೆ ಸ್ಕ್ರೀನ್‌ಶಾಟ್ ಬಂತು. ಎರಡೂ ಸಾಲುಗಳಿಗೆ ಕೆಂಪು ಗುರುತು ಹಾಕಿ, "ಹಾಗಾದರೆ ಇದೇನು? ನಾನು ಸುಳ್ಳು ಹೇಳ್ತಿದ್ದೀನಾ?" ಅಂತ ಕೇಳಿದ್ದರು. ಕೆಳಗೆ ಇಡೀ ಕತೆಯನ್ನು ಮೊದಲಿಂದ ಮತ್ತೆ ಬರೆದಿದ್ದರು. ಮೂರು ಮೇಲ್, ಬಾಡಿಗೆ, ಎಲ್ಲಾ.

ಈ ಕತೆ ಮತ್ತೆ ಬರುವುದೇ ಸರಿಯಾದ ಗುರುತು. ಇವತ್ತಿಗೂ ನಾನು ಅದನ್ನೇ ನೋಡುವುದು. ಕಸ್ಟಮರ್ ಎರಡನೇ ಮೇಲ್‌ನಲ್ಲಿ ಹೊಸ ಪ್ರಶ್ನೆ ಕೇಳಿದರೆ ನಮ್ಮ ಮಾತು ತಲುಪಿದೆ ಅಂತ. ಅದೇ ಕತೆಯನ್ನು ಇನ್ನಷ್ಟು ಜೋರಾಗಿ ಹೇಳಿದರೆ, ಮೊದಲ ಸಲ ನಾವು ಕೇಳಿಸಿಕೊಂಡೇ ಇಲ್ಲ ಅಂತ ಅವರಿಗೆ ಅನ್ನಿಸಿದೆ. ನನ್ನ ಉತ್ತರದ ಮೊದಲ ನಿಜವಾದ ಮಾತೇ "ಇಲ್ಲ" ಆಗಿತ್ತಲ್ವಾ? ಅದಾದ ಮೇಲೆ ಹೋಲ್ಡ್ ಅಂದರೇನು ಅಂತ ಎಷ್ಟು ಚೆನ್ನಾಗಿ ವಿವರಿಸಿದರೂ ಅದು ನುಣುಚಿಕೊಳ್ಳುವವರ ಮಾತಿನ ಹಾಗೇ ಕೇಳುತ್ತದೆ.

ಎರಡನೇ ಉತ್ತರ ಬರೆಯುವ ಮುಂಚೆ ಅವರ ಮೇಲನ್ನು ಮತ್ತೆ ಓದಿ ಒಂದು ಚೀಟಿಯಲ್ಲಿ ಮೂರು ವಿಷಯ ಗೀಚಿಕೊಂಡೆ: ಅವರಿಗೆ ಕಾಣುತ್ತಿರುವುದೇನು, ಅದರಿಂದ ಅವರಿಗೆ ಆಗಿರುವ ತೊಂದರೆ ಏನು, ಇಷ್ಟರಲ್ಲಿ ಅವರು ಏನೇನು ಮಾಡಿ ನೋಡಿದ್ದಾರೆ. ಎರಡು ಸಾಲು. ಬಾಡಿಗೆ. ಮೂರು ಮೇಲ್. ಆಮೇಲೆ ಬರೆಯುವುದನ್ನು ಬಿಟ್ಟು ಪೇಮೆಂಟ್ ತಂಡದವರ ಹತ್ತಿರ ಹೋದೆ. ಹೋಲ್ಡ್ ತಾನಾಗಿ ಬೀಳುವವರೆಗೆ ಯಾಕೆ ಕಾಯಬೇಕು, ನಮ್ಮ ಕಡೆಯಿಂದಲೇ ಅದನ್ನು ರದ್ದು ಮಾಡಬಹುದು. ಮೊದಲ ಸಲ ಅದು ನನಗೆ ಹೊಳೆದೇ ಇರಲಿಲ್ಲ, ಯಾಕೆಂದರೆ ಬಾಡಿಗೆಯ ಮಾತನ್ನು ನಾನು ಓದಿದ್ದೆ, ತಲೆಗೆ ಹಾಕಿಕೊಂಡಿರಲಿಲ್ಲ.

ಕೊನೆಗೆ ಕಳಿಸಿದ್ದು ಹೀಗಿತ್ತು:

"ನಿಮ್ಮ ಖಾತೆಯಲ್ಲಿ ಒಂದೇ ಮೊತ್ತ ಎರಡು ಸಲ ಕಾಣುತ್ತಿದೆ, ನಾಳಿದ್ದು ಬಾಡಿಗೆಗೆ ಬೇಕಾದ ದುಡ್ಡು ಅದರಲ್ಲಿ ಸಿಕ್ಕಿಕೊಂಡಿದೆ. ಮೂರು ಸಲ ಬರೆದ ಮೇಲೂ ನಿಮಗೆ ನೇರ ಉತ್ತರ ಸಿಗಲಿಲ್ಲ. ನನ್ನ ಹಿಂದಿನ ಉತ್ತರವೂ ನೀವು ನೋಡುತ್ತಿರುವುದು ಸುಳ್ಳು ಅನ್ನುವ ಹಾಗಿತ್ತು. ಕ್ಷಮಿಸಿ.

ಆ ಎರಡರಲ್ಲಿ ಮೊದಲನೆಯದನ್ನು ಇವತ್ತು ಮಧ್ಯಾಹ್ನ ರದ್ದು ಮಾಡಿಸಿದ್ದೇನೆ. ಅದರ ರೆಫರೆನ್ಸ್ ನಂಬರ್ ಕೆಳಗಿದೆ. ಖಾತೆಯಲ್ಲಿ ಅದು ಯಾವಾಗ ಬಿಡುಗಡೆ ಆಗುತ್ತದೆ ಅನ್ನುವುದು ನಿಮ್ಮ ಬ್ಯಾಂಕ್ ಮೇಲೆ ನಿಂತಿದೆ. ಬಾಡಿಗೆ ಹತ್ತಿರ ಇರುವುದರಿಂದ ಈಗಲೇ ಬ್ಯಾಂಕ್‌ಗೆ ಫೋನ್ ಮಾಡಿ ಆ ನಂಬರ್ ಕೊಟ್ಟು ಕೇಳಿ. ನಾಳೆ ಬೆಳಿಗ್ಗೆ ಹತ್ತಕ್ಕೆ ನಾನೇ ಮತ್ತೆ ಬರೆಯುತ್ತೇನೆ."

ಪೇಜ್ ಯಾಕೆ ನಿಂತಿತು, ಹೋಲ್ಡ್ ಅಂದರೇನು ಅನ್ನುವುದನ್ನು ಇದರ ಕೆಳಗೆ ಎರಡೇ ಸಾಲಿನಲ್ಲಿ ಹಾಕಿದೆ. ಮಾಹಿತಿ ಹೆಚ್ಚುಕಡಿಮೆ ಅದೇ. ಅದರ ಜಾಗ ಮಾತ್ರ ಬದಲಾಯಿತು.

ಆ ಮೊದಲ ಪ್ಯಾರಾದಲ್ಲಿ ಒಂದು ಸೂಕ್ಷ್ಮ ಇದೆ. "ಎರಡು ಸಲ ದುಡ್ಡು ತೆಗೆದುಕೊಂಡಿದ್ದೇವೆ" ಅಂತ ನಾನು ಬರೆಯಲಿಲ್ಲ, ಅದು ನಿಜವಲ್ಲ. "ಎರಡು ಸಲ ಕಾಣುತ್ತಿದೆ" ಅಂತ ಬರೆದೆ. ಕಸ್ಟಮರ್ ಹೇಳುವ ಕಾರಣ ತಪ್ಪಿರಬಹುದು, ಅವರ ಕಣ್ಣಿಗೆ ಬಿದ್ದದ್ದು ಮತ್ತು ಅವರಿಗಾದ ತೊಂದರೆ ಬಹುತೇಕ ನಿಜವೇ ಇರುತ್ತದೆ. ಅಷ್ಟನ್ನು ಒಪ್ಪಿಕೊಳ್ಳುವುದಕ್ಕೆ ತನಿಖೆ ಮುಗಿಯುವವರೆಗೆ ಕಾಯಬೇಕಾಗಿಲ್ಲ. ತಪ್ಪು ಯಾರದು ಅನ್ನುವುದು ಬೇರೆ ಮಾತು, ಅದನ್ನು ನೋಡಿ ಖಾತ್ರಿಯಾದ ಮೇಲೇ ಬರೆಯಬೇಕು. ನಮ್ಮ ತಂಡದಲ್ಲಿ ಕೆಲವರು ಇವೆರಡನ್ನೂ ಬೆರೆಸಿ, ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಅಂತ ಹೆದರಿ, "ನಿಮಗೆ ತೊಂದರೆ ಆಗಿದ್ದಲ್ಲಿ ವಿಷಾದಿಸುತ್ತೇವೆ" ಅಂತ ಬರೆಯುತ್ತಿದ್ದರು. ಆ "ಆಗಿದ್ದಲ್ಲಿ" ನನಗೆ ಮೈ ಉರಿಸುತ್ತದೆ. ತೊಂದರೆ ಆಗಿದೆ ಅಂತ ತಾನೇ ಅವರು ಬರೆದಿರುವುದು!

ಇನ್ನೊಂದು "ಆದರೆ". "ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೆ..." ಅಂದ ತಕ್ಷಣ ಹಿಂದಿನದೆಲ್ಲಾ ಅಳಿಸಿಹೋಗುತ್ತದೆ. ನಾನು ಅಲ್ಲಿ ಪೂರ್ಣವಿರಾಮ ಹಾಕಿ ಹೊಸ ಪ್ಯಾರಾ ಶುರು ಮಾಡುತ್ತೇನೆ. ಕಳಿಸುವ ಮುಂಚೆ ಮೊದಲ ಪ್ಯಾರಾ ಒಂದನ್ನೇ ಓದಿ ನೋಡುತ್ತೇನೆ. ಹೆಸರು ಬದಲಿಸಿ ಇದನ್ನೇ ಬೇರೆ ಕಸ್ಟಮರ್‌ಗೂ ಕಳಿಸಬಹುದು ಅನ್ನಿಸಿದರೆ ಅದು ಬರೀ ಟೆಂಪ್ಲೇಟ್, ಇನ್ನೊಮ್ಮೆ ಬರೆಯುತ್ತೇನೆ.

ಇದನ್ನು ಕಲಿತ ಹೊಸದರಲ್ಲಿ ನಾನು ಅತಿ ಮಾಡಿದ್ದೂ ಇದೆ. ಪಾಸ್‌ವರ್ಡ್ ರೀಸೆಟ್ ಲಿಂಕ್ ಬಂದಿಲ್ಲ ಅಂದವರಿಗೆ ಆರು ಸಾಲು ಸಮಾಧಾನ ಬರೆದೆ, ಲಿಂಕ್ ಇದ್ದದ್ದು ಏಳನೇ ಸಾಲಿನಲ್ಲಿ. ಅವರು "ಲಿಂಕ್ ಎಲ್ಲಿ?" ಅಂತ ಕೇಳಿದರು, ಸರಿಯಾಗೇ ಕೇಳಿದರು. ಚಿಕ್ಕ ವಿಷಯಕ್ಕೆ ಅರ್ಧ ಸಾಲು ಸಾಕು: "ಲಿಂಕ್ ಬರದೆ ಒಳಗೆ ಹೋಗಲು ಆಗುತ್ತಿಲ್ಲ, ಹೊಸದು ಇಲ್ಲಿದೆ." ಕ್ಷಮಿಸಿ ಅನ್ನುವುದೂ ಒಂದೇ ಸಲ. ಮೂರು ಸಲ ಬರೆದರೆ ಕೊಡಲು ಬೇರೇನೂ ಇಲ್ಲ ಅಂತ ಓದುವವರಿಗೆ ಗೊತ್ತಾಗಿಬಿಡುತ್ತದೆ. ನಿಜವಾಗಿಯೂ ಪರಿಹಾರ ಇಲ್ಲದ ಟಿಕೆಟ್‌ಗಳಲ್ಲಿ, ಉದಾಹರಣೆಗೆ ಅಳಿಸಿಹೋದ ಡೇಟಾಗೆ ಬ್ಯಾಕಪ್ ಇಲ್ಲ ಅನ್ನುವಾಗ, ಮೊದಲ ಪ್ಯಾರಾ ಎಷ್ಟೇ ಚೆನ್ನಾಗಿದ್ದರೂ ಸಿಟ್ಟು ಇಳಿಯುವುದಿಲ್ಲ. ಅಲ್ಲಿ "ವಾಪಸ್ ತರಲು ಆಗುವುದಿಲ್ಲ" ಅನ್ನುವುದನ್ನು ಎರಡನೇ ಪ್ಯಾರಾದ ಮೊದಲ ಸಾಲಿಗೇ ಹಾಕುತ್ತೇನೆ, ಅಡಗಿಸಿಡುವುದಿಲ್ಲ.

ಬಾಡಿಗೆಯವರಿಗೆ ಮರುದಿನ ಹತ್ತಕ್ಕೆ ಬರೆದೆ. ಹೋಲ್ಡ್ ಇನ್ನೂ ಬಿಟ್ಟಿರಲಿಲ್ಲ. ಅವರು ಕತೆ ಹೇಳಲಿಲ್ಲ, ಬೈಯಲೂ ಇಲ್ಲ. "ಬ್ಯಾಂಕ್‌ನವರು ನಿಮ್ಮಿಂದ ಒಂದು ಪತ್ರ ಕೇಳ್ತಿದ್ದಾರೆ, ಕೊಡ್ತೀರಾ?" ಅಂತ ಕೇಳಿದರು. ಪತ್ರ ಕಳಿಸಿದೆ. ಸಂಜೆ ಮೇಲ್ ಬಂತು: "ಬಂತು. ಬಾಡಿಗೆ ಕಟ್ಟಿದೆ."