ಹಳೆಯ ಬಾಡಿಗೆದಾರರಿಗೆ ಬಾಡಿಗೆ ಏರಿಕೆಯ ಪತ್ರ: ನಾನು ಬರೆದ ಬಗೆ

ಬಾಡಿಗೆ ಏರಿಸುವ ನೋಟಿಸನ್ನು ಆಜ್ಞೆ ಎಂದುಕೊಂಡು ಬರೆಯುವ ಮನೆ ಮಾಲೀಕರೇ ಹೆಚ್ಚು. ಕಾನೂನಿನ ಕಣ್ಣಿನಲ್ಲಿ ಅದು ಆಜ್ಞೆಯಲ್ಲ, ಒಂದು ಪ್ರಸ್ತಾವ. ಬಾಡಿಗೆ ಎನ್ನುವುದು ಇಬ್ಬರೂ ಒಪ್ಪಿಕೊಂಡ ಮೊತ್ತ. ಅದನ್ನು ಒಬ್ಬರೇ ಕುಳಿತು ಬದಲಿಸಲಾಗದು. ಬಾಡಿಗೆದಾರರು ಒಪ್ಪಿದರೆ ಹೊಸ ದರ ಜಾರಿಯಾಗುತ್ತದೆ. ಒಪ್ಪದಿದ್ದರೆ ಮಾಲೀಕರಿಗೆ ಉಳಿಯುವುದು ಬಾಡಿಗೆ ಸಂಬಂಧವನ್ನೇ ಕೊನೆಗೊಳಿಸುವ ದಾರಿ, ಅದು ಬೇರೆಯದೇ ನೋಟಿಸು. ಇದು ಮನಸ್ಸಿನಲ್ಲಿದ್ದರೆ ಪತ್ರದ ಧಾಟಿ ತಾನಾಗಿ ಸರಿಹೋಗುತ್ತದೆ.

ಬೆಂಗಳೂರಿನ ಹನುಮಂತನಗರದಲ್ಲಿರುವ ನಮ್ಮ ತಾಯಿಯ ಮನೆಯ ಉಸ್ತುವಾರಿ ನನ್ನದು. ಮೂರು ಪೋರ್ಷನ್‌ಗಳ ಕಟ್ಟಡ. ಮೊದಲ ಮಹಡಿಯ ಎರಡು ಕೋಣೆಗಳ ಮನೆಯಲ್ಲಿ 2013ರಿಂದ ಒಬ್ಬ ಪ್ರೌಢಶಾಲಾ ಮೇಷ್ಟ್ರ ಕುಟುಂಬವಿದೆ. ಬಂದಾಗ ಬಾಡಿಗೆ 10,000 ರೂಪಾಯಿ, ಮುಂಗಡ ಹತ್ತು ತಿಂಗಳದ್ದು, ಒಂದು ಲಕ್ಷ. ಮೊದಲ ಕೆಲವು ವರ್ಷ ಹನ್ನೊಂದು ತಿಂಗಳ ಕರಾರು ಪತ್ರ ಮಾಡಿಸಿದೆವು, ಆಮೇಲೆ ಬಾಯಿಮಾತಿನಲ್ಲೇ ನಡೆಯಿತು. ಕೊನೆಯ ಬಾರಿ ಏರಿಸಿದ್ದು 2019ರ ಏಪ್ರಿಲ್‌ನಲ್ಲಿ, 14,000ಕ್ಕೆ. ಮರುವರ್ಷ ಕೊರೊನಾ ಬಂತು, ಏರಿಕೆಯ ಮಾತನ್ನು ಯಾರೂ ಎತ್ತಲಿಲ್ಲ. ಹಾಗೆಯೇ 2024 ಮುಗಿಯಲು ಬಂತು. ಅದೇ ಬೀದಿಯಲ್ಲಿ ಅದೇ ಅಳತೆಯ ಮನೆ ಆಗ 19,000ದಿಂದ 20,000ಕ್ಕೆ ಹೋಗುತ್ತಿತ್ತು.

ಬಾಡಿಗೆ ಕಾಯ್ದೆ ಅಡ್ಡ ಬರುತ್ತದೆಯೇ ಎಂಬುದನ್ನು ಮೊದಲು ನೋಡಿಕೊಂಡೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಯೊಳಗಿನ ಬಾಡಿಗೆಯ ಮನೆಗಳಿಗೆ ಮಾತ್ರ. ಇಂದಿನ ಬಹುಪಾಲು ಮನೆಗಳು ಅದರ ಆಚೆಗೇ ಇವೆ. ನಮ್ಮಂಥವರಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ನಮ್ಮ ಕರಾರು. ಕರಾರಿನ ಅವಧಿ ಮುಗಿದ ಮೇಲೂ ಬಾಡಿಗೆ ಪಡೆಯುತ್ತಾ ಬಂದಿದ್ದರಿಂದ ಮೇಷ್ಟ್ರದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆಯಾಗಿತ್ತು. ಕರಾರು ಚಾಲ್ತಿಯಲ್ಲಿದ್ದು ಅದರಲ್ಲಿ ಏರಿಕೆಯ ದರ ಬರೆದಿದ್ದರೆ, ಆ ದರವನ್ನು ಮೀರಿ ಕೇಳುವ ಹಾಗೇ ಇಲ್ಲ.

ಎಷ್ಟು ಕೇಳಬೇಕು ಎಂಬುದೇ ಕಷ್ಟದ ಭಾಗ. ಬೀದಿಯ ದರವನ್ನೇ ಹಿಡಿದು 19,000 ಕೇಳಬಹುದಿತ್ತು. ಆದರೆ ಬೀದಿಯ ದರ ಹೊಸಬರು ಕೊಡುವ ದರ. ಹೊಸಬರು ಬರುವ ಮುನ್ನ ಮನೆ ಒಂದೆರಡು ತಿಂಗಳು ಖಾಲಿ ಬೀಳುತ್ತದೆ, ಸುಣ್ಣ ಬಣ್ಣ ಆಗಬೇಕು, ಬ್ರೋಕರ್ ಹಿಡಿದರೆ ಅವನಿಗೊಂದು ತಿಂಗಳ ಬಾಡಿಗೆ. ಇಷ್ಟು ವರ್ಷದಲ್ಲಿ ಬಾಡಿಗೆ ಐದನೇ ತಾರೀಕು ದಾಟಿ ಬಂದದ್ದು ಅಪರೂಪವೆನ್ನುವ ಕುಟುಂಬಕ್ಕೆ ಆ ದರ ಹಾಕುವುದು ಲೆಕ್ಕದಲ್ಲೂ ಸರಿಯಲ್ಲ. ಹಾಗಾಗಿ ಕರಾರುಗಳಲ್ಲಿ ರೂಢಿಯಲ್ಲಿರುವ ಶೇ. 5ರ ವಾರ್ಷಿಕ ಏರಿಕೆಯನ್ನೇ ಹಿಡಿದೆ. ಆರು ವರ್ಷಗಳಲ್ಲಿ ಕೊರೊನಾದ ಎರಡನ್ನು ಬಿಟ್ಟು ನಾಲ್ಕಕ್ಕೆ ಮಾತ್ರ ಹಾಕಿದೆ. 14,000 ಮೊದಲ ವರ್ಷಕ್ಕೆ 14,700, ಎರಡನೆಯದಕ್ಕೆ 15,435, ಮೂರನೆಯದಕ್ಕೆ 16,207, ನಾಲ್ಕನೆಯದಕ್ಕೆ 17,017. ಚಿಲ್ಲರೆ ಬಿಟ್ಟು 17,000. ಈ ಲೆಕ್ಕವನ್ನು ಪತ್ರದಲ್ಲೇ ತೋರಿಸಿದೆ. ಮೊತ್ತವೊಂದನ್ನೇ ಬರೆದರೆ ಚೌಕಾಸಿ ಶುರುವಾಗುತ್ತದೆ. ಲೆಕ್ಕ ಬರೆದರೆ ಮಾತು ಲೆಕ್ಕದ ಮೇಲೆ ನಡೆಯುತ್ತದೆ.

ಕಾರಣಗಳನ್ನು ಬರೆಯುವಾಗ ಒಂದೇ ಜರಡಿ ಹಿಡಿದೆ: ಬಾಡಿಗೆದಾರರು ತಾವೇ ಹೋಗಿ ನೋಡಿ ಖಾತ್ರಿ ಮಾಡಿಕೊಳ್ಳಬಹುದಾದದ್ದು ಇರಲಿ, ಮಿಕ್ಕದ್ದು ಬೇಡ. ಏರಿಕೆ ಆಗದೆ ಎಷ್ಟು ವರ್ಷವಾಯಿತು ಎಂಬುದು ಅವರ ರಸೀದಿಯಲ್ಲೇ ಇದೆ. ಬೀದಿಯ ದರ ಎರಡು ಟು-ಲೆಟ್ ಬೋರ್ಡುಗಳಿಗೆ ಫೋನ್ ಮಾಡಿದರೆ ತಿಳಿಯುತ್ತದೆ. ತಾರಸಿಗೆ ನೀರು ಸೋರದಂತೆ ಲೇಪನ ಹಾಕಿಸಿದ್ದು, ಸಂಪಿನ ಮೋಟಾರ್ ಬದಲಿಸಿದ್ದು ಅವರ ಕಣ್ಣೆದುರೇ ನಡೆದದ್ದು. ಬಾಡಿಗೆಗೆ ಕೊಟ್ಟ ಮನೆಗೆ ಆಸ್ತಿ ತೆರಿಗೆ ಸ್ವಂತ ವಾಸದ ಮನೆಗಿಂತ ಹೆಚ್ಚು ಎಂಬುದನ್ನು ಮಾತ್ರ ಬರೆಯಲಿಲ್ಲ, ಅದು ಅವರು ಬಂದ ದಿನದಿಂದಲೂ ಇದ್ದ ಸಂಗತಿ, ಹೊಸ ಕಾರಣವಲ್ಲ. ತಾಯಿಯ ಔಷಧಿಯ ಖರ್ಚನ್ನೂ ಬರೆಯಲಿಲ್ಲ. ನಮ್ಮ ಮನೆಯ ಸಂಕಟ ಅವರ ಬಾಡಿಗೆಗೆ ಕಾರಣವಾಗದು. ಬರೆದರೆ ಅವರೂ ತಮ್ಮ ಮನೆಯ ಸಂಕಟ ಹೇಳುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಜಾರಿಯ ದಿನಾಂಕದ ಬಗ್ಗೆ ಬಹಳ ಯೋಚಿಸಿದೆ. ಬಾಡಿಗೆಯ ತಿಂಗಳು ಒಂದನೇ ತಾರೀಕಿಗೆ ಶುರುವಾದರೆ ಹೊಸ ದರವೂ ಒಂದನೇ ತಾರೀಕಿನಿಂದಲೇ ಇರಬೇಕು, ನಡುವಿನಿಂದ ಹಿಡಿದರೆ ಲೆಕ್ಕ ಕಲಸಿಹೋಗುತ್ತದೆ. ಎಷ್ಟು ಮುಂಚಿತವಾಗಿ ತಿಳಿಸಬೇಕು? ನಮ್ಮ ಕರಾರಿನಲ್ಲಿ ಅದರ ಮಾತೇ ಇರಲಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಮೂರು ತಿಂಗಳ ಲಿಖಿತ ಸೂಚನೆ ಎಂದಿದೆ. ಅದು ಮಾದರಿ ಮಾತ್ರ, ಆದರೂ ಅವಧಿ ನ್ಯಾಯವಾಗಿ ಕಂಡಿತು, ಅದನ್ನೇ ಹಿಡಿದೆ. ಯಾವ ತಿಂಗಳು ಎಂಬುದಕ್ಕೆ ಬೇರೆ ಕಾರಣವಿತ್ತು. ಅವರ ಮಗಳು ಓದುತ್ತಿದ್ದಳು. ಅಕ್ಟೋಬರ್‌ನಿಂದ ಜಾರಿ ಎಂದರೆ ಶಾಲೆ ಕಾಲೇಜಿನ ನಡುವೆ ಮನೆ ಬದಲಿಸಲಾಗದೆ ಒಲ್ಲದ ಮನಸ್ಸಿನಿಂದ ಒಪ್ಪುತ್ತಿದ್ದರು. ಜೂನ್, ಜುಲೈ ಎಂದರೆ ಆಷಾಢ. ಆಗ ಹಾಲು ಉಕ್ಕಿಸಿ ಹೊಸ ಮನೆಗೆ ಹೋಗುವವರೂ ಇಲ್ಲ, ನಮ್ಮ ಮನೆಗೆ ಬರುವವರೂ ಇಲ್ಲ. ಏಪ್ರಿಲ್ ಒಂದಾದರೆ ಪರೀಕ್ಷೆ ಮುಗಿದಿರುತ್ತದೆ, ಬೇಡವೆಂದರೆ ಬೇಸಿಗೆಯಲ್ಲಿ ಬೇರೆ ಮನೆ ನೋಡಿಕೊಳ್ಳಬಹುದು. ಹಣಕಾಸು ವರ್ಷವೂ ಅಂದೇ ಶುರುವಾಗುವುದರಿಂದ ಮೇಷ್ಟ್ರ ಮನೆ ಬಾಡಿಗೆ ಭತ್ಯೆಯ ಲೆಕ್ಕಕ್ಕೆ ವರ್ಷವಿಡೀ ಒಂದೇ ದರದ ರಸೀದಿ.

ಪತ್ರ ಹೀಗಿತ್ತು:

"ದಿನಾಂಕ 20–12–2024. ವಿಷಯ: ಮೊದಲ ಮಹಡಿಯ ಮನೆಯ ಬಾಡಿಗೆ ಪರಿಷ್ಕರಣೆ. ಮಾನ್ಯರೇ, ತಾವು 2013ರಿಂದ ಈ ಮನೆಯಲ್ಲಿ ಬಾಡಿಗೆಗೆ ಇದ್ದೀರಿ. ಈಗಿನ ಬಾಡಿಗೆ ತಿಂಗಳಿಗೆ 14,000 ರೂ., ಇದು 2019ರ ಏಪ್ರಿಲ್‌ನಲ್ಲಿ ನಿಗದಿಯಾದದ್ದು. ಆ ಬಳಿಕ ಏರಿಕೆಯಾಗಿಲ್ಲ. ಕಟ್ಟಡದ ದುರಸ್ತಿ ಮತ್ತು ನಿರ್ವಹಣೆಯ ವೆಚ್ಚ ಹೆಚ್ಚಿರುವುದರಿಂದಲೂ ಇದೇ ಬೀದಿಯಲ್ಲಿ ಇಂಥ ಮನೆಗಳ ಬಾಡಿಗೆ ಏರಿರುವುದರಿಂದಲೂ 2025ರ ಏಪ್ರಿಲ್ 1ರಿಂದ ಬಾಡಿಗೆಯನ್ನು 17,000 ರೂ.ಗೆ ಪರಿಷ್ಕರಿಸಲು ಪ್ರಸ್ತಾಪಿಸುತ್ತಿದ್ದೇನೆ. ಲೆಕ್ಕದ ವಿವರ ಹಿಂಬದಿಯಲ್ಲಿದೆ. ಮುಂಗಡದ ಮೊತ್ತದಲ್ಲಿ ಬದಲಾವಣೆ ಇಲ್ಲ. ನೀರಿಗೆ ಇದುವರೆಗೆ ಕೊಡುತ್ತಿದ್ದ 300 ರೂ. ಬದಲು, ಅದೇ ದಿನಾಂಕದಿಂದ ಜಲಮಂಡಳಿಯ ಬಿಲ್ಲಿನಲ್ಲಿ ತಮ್ಮ ಮನೆಯ ಪಾಲನ್ನು ಪ್ರತ್ಯೇಕವಾಗಿ ಕೊಡಬೇಕು. ಇದು ಮನೆ ಖಾಲಿ ಮಾಡುವ ನೋಟಿಸ್ ಅಲ್ಲ. ತಮ್ಮ ಅಭಿಪ್ರಾಯವನ್ನು 2025ರ ಜನವರಿ 31ರೊಳಗೆ ತಿಳಿಸಬೇಕಾಗಿ ಕೋರಿಕೆ."

ಖಾಲಿ ಮಾಡುವ ನೋಟಿಸ್ ಅಲ್ಲ ಎಂಬ ಸಾಲನ್ನು ಬೇಕೆಂದೇ ಸೇರಿಸಿದೆ. ತಿಂಗಳಿನಿಂದ ತಿಂಗಳಿಗೆ ಇರುವ ಬಾಡಿಗೆಯನ್ನು ಕೊನೆಗೊಳಿಸಲು ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ 15 ದಿನಗಳ ನೋಟಿಸ್ ಕೊಡಬೇಕು. "ಏರಿಸಿ ಕೊಡಿ, ಇಲ್ಲವೇ ಖಾಲಿ ಮಾಡಿ" ಎಂದು ಎರಡನ್ನೂ ಒಂದೇ ಕಾಗದದಲ್ಲಿ ಹೆಣೆದರೆ, ಮುಂದೆ ಕೋರ್ಟಿಗೆ ಹೋಗಬೇಕಾದಾಗ ಆ ಕಾಗದ ಯಾವ ನೋಟಿಸು ಎಂಬುದೇ ವಾದವಾಗುತ್ತದೆ. ಅಂಥ ಹಂತ ಬಂದರೆ ವಕೀಲರ ಕೈಯಲ್ಲಿ ಬೇರೆ ನೋಟಿಸ್ ಬರೆಸುವುದೇ ಮೇಲು. ಇನ್ನು ನೀರು ನಿಲ್ಲಿಸುವುದು, ಮೀಟರ್ ಫ್ಯೂಸ್ ಕೀಳುವುದು ಯಾವ ಹಂತದಲ್ಲೂ ಸಲ್ಲದು.

ಪತ್ರವನ್ನು ಎರಡು ಪ್ರತಿ ಮಾಡಿ ನಾನೇ ಮೇಲೆ ಹೋಗಿ ಕೊಟ್ಟೆ. ಒಂದರ ಮೇಲೆ "ಸ್ವೀಕರಿಸಿದ್ದೇನೆ" ಎಂದು ದಿನಾಂಕ ಸಹಿತ ಸಹಿ ಪಡೆದೆ. ಸಹಿ ಕೇಳಿದಾಗ ಮೇಷ್ಟ್ರ ಮುಖ ಸ್ವಲ್ಪ ಬಿಗಿಯಿತು. "ಇಷ್ಟು ವರ್ಷದಲ್ಲಿ ಇದೆಲ್ಲ ಇರಲಿಲ್ಲವಲ್ಲ, ಮೇಡಂ" ಎಂದರು. "ಪತ್ರ ತಲುಪಿದ್ದಕ್ಕೆ ಮಾತ್ರ ಸಹಿ ಮೇಷ್ಟ್ರೇ, ಒಪ್ಪಿದ್ದಕ್ಕಲ್ಲ" ಎಂದೆ. ಆ ವ್ಯತ್ಯಾಸ ಅವರಿಗೆ ಕೂಡಲೇ ಹಿಡಿಸಿತು. ಸಹಿ ಮಾಡದವರಿಗೆ ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿ ಕಳಿಸಬೇಕು. ವಾಟ್ಸ್‌ಆ್ಯಪ್ ಸಂದೇಶವೊಂದನ್ನೇ ನೆಚ್ಚಿಕೊಳ್ಳುವುದು ನನಗೆ ಒಗ್ಗದು.

ಸಂಕ್ರಾಂತಿ ಕಳೆದ ಮೇಲೆ ಅವರೇ ಕೆಳಗೆ ಬಂದರು, ಕೈಯಲ್ಲಿ ಪತ್ರ. ಲೆಕ್ಕದಲ್ಲಿ ತಕರಾರಿರಲಿಲ್ಲ. "ಒಂದೇ ಸಲಕ್ಕೆ ಮೂರು ಸಾವಿರ ಎಂದರೆ ತಿಂಗಳು ನಡೆಸುವುದು ಕಷ್ಟ. ಬಚ್ಚಲಿನ ಆಚೆ ಗೋಡೆ ತೇವ ಹಿಡಿದು ಎರಡು ಮಳೆಗಾಲವಾಯಿತು, ಅದನ್ನೂ ಪತ್ರದಲ್ಲಿ ಬರೆಯಬಹುದಿತ್ತು" ಎಂದರು. ಎರಡನೆಯ ಮಾತು ಚುರುಕು ಮುಟ್ಟಿಸುವಂಥದ್ದೇ. ಗೋಡೆ ನೋಡಿದೆ, ಬಚ್ಚಲಿನ ನೆಲದ ಸಂದಿನಿಂದ ನೀರು ಇಳಿದು ಕೋಣೆಯ ಕಡೆ ಬಣ್ಣ ಹಪ್ಪಳದಂತೆ ಎದ್ದಿತ್ತು. ಮಾತು ಮುಗಿದದ್ದು ಹೀಗೆ: ಏಪ್ರಿಲ್‌ನಿಂದ 16,000, ಮುಂದಿನ ನವೀಕರಣದಲ್ಲಿ 17,000, ಬಚ್ಚಲಿನ ಟೈಲ್ಸ್ ಕಿತ್ತು ಸೋರಿಕೆ ಸರಿಪಡಿಸುವುದು ಮಾರ್ಚ್‌ನೊಳಗೆ ನನ್ನ ಖರ್ಚಿನಲ್ಲಿ. ಮೊದಲ ವರ್ಷ ನನಗೆ ಕಡಿಮೆಯಾಗುವುದು ತಿಂಗಳಿಗೆ ಒಂದು ಸಾವಿರ. ಮನೆ ಒಂದು ತಿಂಗಳು ಖಾಲಿ ಬಿದ್ದಿದ್ದರೆ ಅದಕ್ಕಿಂತ ಹೆಚ್ಚು ಹೋಗುತ್ತಿತ್ತು.

ಇದನ್ನು ಇ-ಸ್ಟಾಂಪ್ ಕಾಗದದ ಮೇಲೆ ಹೊಸ ಕರಾರಾಗಿ ಬರೆಸಿದೆವು. ವರ್ಷ ಮೀರಿದ ಅವಧಿಯಾದರೆ ನೋಂದಣಿ ಕಡ್ಡಾಯ, ಅದಕ್ಕೇ ಎಲ್ಲರೂ ಹನ್ನೊಂದು ತಿಂಗಳಿಗೆ ಬರೆಸುವುದು. ಏಪ್ರಿಲ್ 1ಕ್ಕೆ ಶುರುವಾದ ಹನ್ನೊಂದು ತಿಂಗಳು ಫೆಬ್ರವರಿ 28ಕ್ಕೆ ಮುಗಿಯುತ್ತದೆ, ಮಾರ್ಚ್ 31ಕ್ಕಲ್ಲ. 17,000 ಯಾವಾಗಿನಿಂದ ಎಂಬುದಕ್ಕೆ "ಮುಂದಿನ ವರ್ಷದಿಂದ" ಎಂದು ಬರೆದಿದ್ದರೆ ಒಂದು ತಿಂಗಳ ಜಗಳ ಗ್ಯಾರಂಟಿ. "2026ರ ಮಾರ್ಚ್ 1ರಿಂದ" ಎಂದೇ ಬರೆಸಿದೆವು, ಆ ಬಳಿಕದ ನವೀಕರಣಗಳಿಗೆ ಶೇ. 5.

ಏಪ್ರಿಲ್ ಐದಕ್ಕೆ ಖಾತೆಗೆ ಬಂದದ್ದು 14,000. ಬ್ಯಾಂಕಿನಲ್ಲಿ ತಾನಾಗಿ ಹೋಗುವ ವ್ಯವಸ್ಥೆ ಮಾಡಿಟ್ಟಿದ್ದರು, ಬದಲಿಸಿರಲಿಲ್ಲ. ಇಲ್ಲಿ ಸುಮ್ಮನಿರುವುದು ಅಪಾಯ. ಹಳೆಯ ದರವನ್ನು ಮಾತಿಲ್ಲದೆ ತಿಂಗಳುಗಟ್ಟಲೆ ಪಡೆಯುತ್ತಾ ಹೋದರೆ, ಏರಿಕೆಯನ್ನು ನೀವೇ ಕೈಬಿಟ್ಟಿರಿ ಎಂದು ನಾಳೆ ಯಾರಾದರೂ ವಾದಿಸಬಹುದು. "14,000 ಏಪ್ರಿಲ್ ಬಾಡಿಗೆಯ ಭಾಗವಾಗಿ ಬಂದಿದೆ, 2,000 ಬಾಕಿ" ಎಂದು ಸಂದೇಶ ಕಳಿಸಿದೆ, ರಸೀದಿಯಲ್ಲೂ ಹಾಗೆಯೇ ಬರೆದೆ. ಬಾಕಿ ಅಂದೇ ಬಂತು.

ಅದೇ ತಿಂಗಳಿಂದ ಜಲಮಂಡಳಿ ನೀರಿನ ದರ ಏರಿಸಿತು, 2014ರ ಬಳಿಕ ಮೊದಲ ಬಾರಿಗೆ. ಬಾಡಿಗೆಯಿಂದ ನೀರನ್ನು ಬೇರ್ಪಡಿಸಿದ್ದರಿಂದ ಆ ಏರಿಕೆಗೆ ಮತ್ತೊಂದು ಪತ್ರ ಬರೆಯುವ ಪ್ರಮೇಯ ಬರಲಿಲ್ಲ. ಬಿಲ್ ಬಂದಾಗ ಮೂರೂ ಮನೆಯ ತಲೆ ಎಣಿಸಿ ಭಾಗಿಸುತ್ತೇನೆ, ಪ್ರತಿಯನ್ನು ಮೆಟ್ಟಿಲ ಬಳಿಯ ಮೀಟರ್ ಪೆಟ್ಟಿಗೆಯ ಮೇಲೆ ಅಂಟಿಸುತ್ತೇನೆ.