ಅರ್ಧ ಚಿಕ್ಕಿಯ ಬಾಕಿ

ಕುಮಾರ ಪರ್ವತದಿಂದ ವಾಪಸ್ ಬಂದು ಎರಡು ದಿನವಾಗಿತ್ತು. ಮಂಗಳವಾರ ಸಂಜೆ ಏಳೂವರೆಗೆ, ಆ ಟ್ರೆಕ್‌ನಲ್ಲಿ ಪರಿಚಯವಾದ ಒಬ್ಬರಿಗೆ ಒಂದು ಮೆಸೇಜ್ ಕಳಿಸಿದೆ. ನಾಲ್ಕೇ ಸಾಲು. ಬರೆಯೋಕೆ ಒಂದೂವರೆ ದಿನ ಹಿಡಿಯಿತು.

ನಾವು ಹನ್ನೊಂದು ಜನ ಹೋಗಿದ್ದೆವು. ಅವರು ನನ್ನ ಗೆಳತಿಯ ಕಡೆಯಿಂದ ಬಂದವರು, ನನಗೆ ಹೊಸಬರು. ಕುಕ್ಕೆಯಿಂದ ಕಾಡಿನ ಏರು ಹತ್ತಿ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಊಟ ಮಾಡುವವರೆಗೂ ನಾವು ಆಡಿದ್ದು ಹತ್ತು ಮಾತೂ ಇರಲಿಕ್ಕಿಲ್ಲ. ಮಾರನೇ ದಿನ ಕಲ್ಲು ಮಂಟಪದ ಹತ್ತಿರ ನನ್ನ ಕಾಲು ಸೋತಿತ್ತು. ಮುಂದೆ ಶೇಷ ಪರ್ವತದ ಏರು ಕಾಣುತ್ತಿತ್ತು. ಅವರು ಪಕ್ಕದಲ್ಲಿ ಕೂತು, ಚೀಲದಿಂದ ಕಡಲೆಕಾಯಿ ಚಿಕ್ಕಿ ತೆಗೆದು ಎರಡು ತುಂಡು ಮಾಡಿದರು. ಒಂದನ್ನು ನನಗೆ ಕೊಟ್ಟು, "ಇನ್ನರ್ಧ ತುದಿಯಲ್ಲಿ ಕೊಡ್ತೀನಿ" ಅಂದರು. ನಾನು ಎದ್ದೆ. 1712 ಮೀಟರ್ ಎತ್ತರದ ತುದಿ ಮುಟ್ಟಿದಾಗ ಬರೀ ಮಂಜು. ಎಲ್ಲರೂ ಫೋಟೊಗೆ ನಿಂತರು, ಗಾಳಿಗೆ ನಡುಗುತ್ತಾ ಇಳಿದೆವು. ಚಿಕ್ಕಿ ಚೀಲದಲ್ಲೇ ಉಳಿಯಿತು.

ಇಳಿದ ಮೇಲೆ ಕುಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಅವರೇ, "ಫೋಟೊ ಇದ್ರೆ ಕಳಿಸಿ" ಅಂತ ನಂಬರ್ ಕೊಟ್ಟರು. ಇದು ನನಗೆ ಮುಖ್ಯ. ಗ್ರೂಪಿನಿಂದ ನಂಬರ್ ಎತ್ತಿಕೊಂಡು ನಾನು ಇಂಥ ಮೆಸೇಜ್ ಕಳಿಸುತ್ತಿರಲಿಲ್ಲ. ಸೋಮವಾರವೂ ಕಳಿಸಲಿಲ್ಲ. ಅವತ್ತು ಗ್ರೂಪಿನಲ್ಲಿ ನೂರಾರು ಫೋಟೊ ಸುರಿಯುತ್ತಿತ್ತು, ಎಲ್ಲರೂ ನಿದ್ದೆಗಣ್ಣಲ್ಲಿ ಆಫೀಸಿಗೆ ಹೋಗಿದ್ದರು.

ಮೊದಲು ಬರೆದದ್ದು ಹೀಗಿತ್ತು: "ಟ್ರೆಕ್ ತುಂಬಾ ಚೆನ್ನಾಗಿತ್ತು, ನಿಮ್ಮ ಪರಿಚಯ ಆಗಿದ್ದು ಖುಷಿ." ಓದಿ ನೋಡಿದೆ. ಇದನ್ನು ಉಳಿದ ಒಂಬತ್ತು ಜನಕ್ಕೂ ಕಳಿಸಬಹುದಿತ್ತು. ಅಳಿಸಿದೆ. ಎರಡನೆಯದರಲ್ಲಿ ಅವರ ನಗುವಿನ ಬಗ್ಗೆ ಬರೆದೆ. ನಿಜವೇ, ಆದರೆ ಅದಕ್ಕೆ ಅವರು "ಥ್ಯಾಂಕ್ಸ್" ಬಿಟ್ಟು ಬೇರೆ ಏನು ಹೇಳೋದು? ಅದೂ ಹೋಯಿತು. ಆಗ ಚಿಕ್ಕಿ ನೆನಪಾಯಿತು. ಅದನ್ನು ನೋಡಿದವರು ನಾವಿಬ್ಬರೇ. ಜೊತೆಗೆ ಅದು ಅರ್ಧಕ್ಕೇ ನಿಂತಿತ್ತು.

ನಿಜವಾದ ತೊಡಕು ಆಮೇಲೆ ಬಂತು. ಬೆಟ್ಟದಲ್ಲಿ ಇಬ್ಬರೂ "ನೀವು" ಅಂತಲೇ ಮಾತಾಡಿದ್ದೆವು. "ಮರೆತಿದ್ದೀರಾ?" ಅಂತ ಬರೆದರೆ ಬ್ಯಾಂಕಿನವರು ಕೇಳಿದ ಹಾಗೆ ಇತ್ತು. "ಮರೆತಿದ್ದೀಯಾ?" ಅಂದರೆ ಸಲುಗೆ ಜಾಸ್ತಿ, ಅದನ್ನು ಅವರಿನ್ನೂ ಕೊಟ್ಟಿಲ್ಲ. ತುಂಬಾ ಹೊತ್ತು ಯೋಚಿಸಿದ ಮೇಲೆ "ಮರೆತಿಲ್ಲ ತಾನೆ?" ಅಂತ ಹೊಳೆಯಿತು. "ಇಲ್ಲ", "ಬಹುದು", "ಬೇಕು" ಅಂತ ಮುಗಿಸಿದರೆ ನೀನು-ನೀವು ಎರಡೂ ಬೇಕಾಗಲ್ಲ. ಯಾವುದು ಅಂತ ಅವರೇ ಆರಿಸಿಕೊಳ್ಳಲಿ ಅಂತ ಇಡೀ ಮೆಸೇಜನ್ನು ಹಾಗೇ ತಿದ್ದಿದೆ:

"ಕಲ್ಲು ಮಂಟಪದ ಅರ್ಧ ಚಿಕ್ಕಿ ಇನ್ನೂ ಬಾಕಿ ಇದೆ. ಮರೆತಿಲ್ಲ ತಾನೆ? ದಿನದಿನಕ್ಕೆ ಬಡ್ಡಿ ಬೆಳೀತಿದೆ. ಕೊಡಚಾದ್ರಿಯಲ್ಲಿ ಸೂರ್ಯ ಮುಳುಗೋದು ತುಂಬಾ ಚೆನ್ನಾಗಿರುತ್ತಂತೆ, ವಸೂಲಿಗೆ ಒಳ್ಳೇ ಜಾಗ ಅನ್ಸುತ್ತೆ."

ಯಾವ ದಿನ, ಯಾರ್‍ಯಾರು ಅಂತ ಬೇಕಂತಲೇ ಬರೆಯಲಿಲ್ಲ. ಮೊದಲ ಮೆಸೇಜಿನಲ್ಲೇ ತಾರೀಖು ಹಾಕಿದರೆ ಅವರು ಹೂಂ ಅಥವಾ ಉಹೂಂ ಅನ್ನಲೇಬೇಕಾಗುತ್ತೆ. ಬರೀ ಜಾಗದ ಹೆಸರಾದರೆ ಅದರ ಸುತ್ತ ನಾಲ್ಕು ಮಾತಾದರೂ ಆಡಬಹುದು, ಅಲ್ವಾ?

ಮೆಸೇಜಿನ ಮೇಲೆ ಅವರು ಕೇಳಿದ್ದ ಫೋಟೊಗಳನ್ನೂ ಇಟ್ಟೆ. ಅವುಗಳಲ್ಲಿ ಒಂದು ಯಾರೂ ಇಲ್ಲದ ಕಲ್ಲು ಮಂಟಪದ್ದು. ಮನಸ್ಸಿಲ್ಲದಿದ್ದರೆ ಅವರು "ಫೋಟೊ ಚೆನ್ನಾಗಿ ಬಂದಿದೆ" ಅಂತಷ್ಟೇ ಬರೆದು ಸುಮ್ಮನಾಗಬಹುದಿತ್ತು. ಚಿಕ್ಕಿಯ ಮಾತು ಬಿಟ್ಟು ಬರೀ ಫೋಟೊ ಬಗ್ಗೆ ಉತ್ತರ ಬಂದರೆ ಅದೇ ಉತ್ತರ ಅಂತ ನಾನು ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ಇನ್ನೊಂದು ಸಲ ಚಿಕ್ಕಿ ನೆನಪಿಸುವ ಹಾಗಿಲ್ಲ, ನಗುವ ಇಮೋಜಿ ಹಾಕಿ "ಸುಮ್ನೆ ತಮಾಷೆಗೆ ಹೇಳಿದೆ" ಅನ್ನುವ ಹಾಗೂ ಇಲ್ಲ. ನಾನು ತಮಾಷೆಗೆ ಬರೆದಿರಲಿಲ್ಲ.

ನೀಲಿ ಟಿಕ್ ಬಿತ್ತು. ನಲವತ್ತು ನಿಮಿಷ ಏನೂ ಇಲ್ಲ. ನಾನು ಫೋನ್ ಬೋರಲು ಹಾಕಿ ಅನ್ನಕ್ಕೆ ಇಟ್ಟೆ. ಕುಕ್ಕರ್ ಎರಡನೇ ಸೀಟಿ ಹೊಡೆಯುವಾಗ ಒಂದು ಫೋಟೊ ಬಂತು. ಕಾಗದದಲ್ಲಿ ಸುತ್ತಿದ ಅರ್ಧ ಚಿಕ್ಕಿ, ಅವರ ಮೇಜಿನ ಮೇಲೆ. ಕೆಳಗೆ ಒಂದೇ ಸಾಲು:

"ತಿನ್ನದೆ ಇಟ್ಟಿದ್ದೀನಿ. ಬಡ್ಡಿ ಎಷ್ಟಾಯ್ತು ಹೇಳು."

"ಹೇಳಿ" ಅಲ್ಲ, "ಹೇಳು". ಆಗ ನಾನು ತಾರೀಖು ಬರೆದೆ.